ಹೋಳಿ ಹಬ್ಬಕ್ಕೆ ಮನೆ ಸಿಂಗರಿಸಿ, ಗೋಡೆಯನ್ನೂ ಉಳಿಸಿಕೊಳ್ಳಿ

ಹೋಳಿ ಮುಗಿದ ಮೇಲೆ ಮನೆಯನ್ನು ಒಮ್ಮೆ ಸುತ್ತಿ ನೋಡಿ. ಕಲೆ ಜಾಸ್ತಿ ಇರುವುದು ಬಣ್ಣ ಆಡಿದ ಟೆರೇಸಿನಲ್ಲಲ್ಲ. ಮೆಟ್ಟಿಲ ಪಕ್ಕದ ಗೋಡೆ, ಬಾಗಿಲ ಚೌಕಟ್ಟು, ಬಾತ್‌ರೂಮಿನ ಸ್ವಿಚ್ಚು, ಹಾಲಿನ ಮೂಲೆಯಲ್ಲಿರುವ ಸೋಫಾದ ತೋಳು, ಇವುಗಳ ಮೇಲೆ. ಬಣ್ಣ ಎರಚಿದವರಿಗಿಂತ ಆಮೇಲೆ ಒದ್ದೆ ಮೈಯಲ್ಲಿ ಒಳಗೆ ಬಂದವರಿಂದಲೇ ಮನೆ ಹಾಳಾಗುವುದು. ಹಾಗಾಗಿ ಅಲಂಕಾರ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಬಣ್ಣ ಹಚ್ಚಿಕೊಂಡ ಮನುಷ್ಯ ಆಟದ ಜಾಗದಿಂದ ಬಾತ್‌ರೂಮಿಗೆ ಯಾವ ದಾರಿಯಲ್ಲಿ ಹೋಗುತ್ತಾನೆ? ಆ ದಾರಿ ಗೊತ್ತಾದರೆ ಎಲ್ಲಿ ಏನು ಕಟ್ಟಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ.

ಇಲ್ಲಿ ಒಂದು ಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಎಲ್ಲ ಕಡೆ ಸಿಗುವಂಥ ಬಾಡಿಗೆ ಮನೆ. ಮೊದಲ ಮಹಡಿಯಲ್ಲಿ ವಾಸ, ಮೇಲೆ ಟೆರೇಸು. ಬರುವವರು ಸುಮಾರು ಇಪ್ಪತ್ತು ಜನ, ಅದರಲ್ಲಿ ಏಳೆಂಟು ಮಕ್ಕಳು. ಟೆರೇಸು 20 ಅಡಿಗೆ 15 ಅಡಿ, ಸುತ್ತ 3 ಅಡಿ ಎತ್ತರದ ಪ್ಯಾರಾಪೆಟ್ ಗೋಡೆ. ಮೆಟ್ಟಿಲು ಮೇಲೆ ಬಂದು ಸೇರುವ ಕಡೆ ಒಂದು ಸಣ್ಣ ರೂಮಿನ ಗೋಡೆ, ಮಾಲೀಕರು ಹೋದ ವರ್ಷವಷ್ಟೇ ಪೇಂಟ್ ಮಾಡಿಸಿದ್ದು. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಹೇಗೂ ಹಿಡಿದುಕೊಳ್ಳುತ್ತಾರೆ. ಅದರ ಮೇಲೆ ಇನ್ನಷ್ಟು ಹೋಗಬಾರದು ಅಂದರೆ ಹಬ್ಬದ ಹಿಂದಿನ ದಿನ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಕಲೆ ಯಾವುದು, ಹೊಸದು ಯಾವುದು ಅನ್ನುವ ವಾದ ಅಲ್ಲಿಗೇ ಮುಗಿಯುತ್ತದೆ.

ಯಾವ ಬಣ್ಣ, ಯಾವ ಗೋಡೆ

ಒಣ ಗುಲಾಲು ಮತ್ತು ನೀರಿನ ಬಣ್ಣ ಎರಡೂ ಒಂದೇ ಥರ ಕಲೆ ಮಾಡುವುದಿಲ್ಲ. ಗುಲಾಲು ಅಂದರೆ ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನಂಥ ಪುಡಿಗೆ ಬಣ್ಣ ಸೇರಿಸಿದ್ದು. ಒಣಗಿರುವ ತನಕ ಅದು ಗೋಡೆಯ ಮೇಲೆ ಸುಮ್ನೆ ಕೂತಿರುತ್ತದೆ, ಮೆತ್ತನೆ ಬ್ರಷ್ಷಿಗೆ ಉದುರುತ್ತದೆ. ನೀರು ತಗುಲಿತೋ, ಪುಡಿಯಲ್ಲಿರುವ ಬಣ್ಣ ಕರಗಿ ಗೋಡೆಯೊಳಗೆ ಇಳಿಯುತ್ತದೆ. ನೀರಿನ ಬಣ್ಣವಂತೂ ಮೊದಲೇ ಕರಗಿರುವುದರಿಂದ ಬಿದ್ದ ಕೂಡಲೇ ಒಳಗೆ ಹೋಗುತ್ತದೆ.

ಎಷ್ಟು ಒಳಗೆ ಹೋಗುತ್ತದೆ ಅನ್ನುವುದು ಗೋಡೆ ಮತ್ತು ನೆಲದ ಮೇಲೆ ನಿಂತಿದೆ. ವಿಟ್ರಿಫೈಡ್ ಟೈಲ್ಸ್ ಹೆಚ್ಚು ಹೀರುವುದಿಲ್ಲ, ಆದರೆ ಟೈಲ್ಸ್ ನಡುವಿನ ಸಿಮೆಂಟಿನ ಸಂದು ಚೆನ್ನಾಗಿ ಹೀರುತ್ತದೆ. ಬರೀ ಸಿಮೆಂಟು, ಸುಣ್ಣ, ಡಿಸ್ಟೆಂಪರ್, ಪಾಲಿಶ್ ಇಲ್ಲದ ಮರ, ಬೆತ್ತದ ಕುರ್ಚಿ, ಮಾರ್ಬಲ್, ಇವೆಲ್ಲ ಕುಡಿದುಬಿಡುವ ಜಾತಿ. ನಿಮ್ಮ ಗೋಡೆಯ ಪೇಂಟ್ ಯಾವುದು ಅಂತ ಗೊತ್ತಿಲ್ಲದಿದ್ದರೆ ಬಾಗಿಲ ಹಿಂದಿನ ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆಯಿಂದ ಮೆಲ್ಲಗೆ ಉಜ್ಜಿ ನೋಡಿ. ಬಟ್ಟೆಗೆ ಪುಡಿ ಪುಡಿಯಾಗಿ ಬಣ್ಣ ಬಂದರೆ ಅದು ತೊಳೆಯಲು ಬರುವ ಪೇಂಟ್ ಅಲ್ಲ. ಅಂಥ ಗೋಡೆಗೆ ಕಲೆ ಬಿದ್ದ ಮೇಲೆ ಮಾಡುವುದು ಬಹಳ ಕಡಿಮೆ, ಮುಚ್ಚುವುದೇ ದಾರಿ.

ನೈಸರ್ಗಿಕ ಬಣ್ಣ ಅಂದರೆ ಕಲೆ ಆಗುವುದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮೈಗೆ ಒಳ್ಳೆಯದಿರಬಹುದು, ಗೋಡೆಗಲ್ಲ. ಅರಿಶಿನ ಸುಣ್ಣ ಕಲಸಿದ ಓಕುಳಿ ನೀರನ್ನೇ ನೋಡಿ, ಮದುವೆಮನೆಯಲ್ಲಿ ಬಿಳಿ ಪಂಚೆಗೆ ಸಿಡಿದದ್ದು ಸುಲಭಕ್ಕೆ ಹೋಗುವುದಿಲ್ಲ ಅಲ್ವಾ? ಅರಿಶಿನದ ಕಲೆಗೆ ಸೋಪು ಹಾಕಿ ಉಜ್ಜಿದರೆ ಅದು ಕೆಂಪಾಗುತ್ತದೆ. ಸುಣ್ಣದ ಹಾಗೆ ಸೋಪಿಗೂ ಕ್ಷಾರದ ಗುಣ ಇರುವುದರಿಂದ ಹೀಗಾಗುತ್ತದೆ. ಗಾಬರಿಯಾಗಬೇಡಿ. ಚೆನ್ನಾಗಿ ನೀರು ಹಾಕಿ ಸೋಪು ಹೋದರೆ ಮತ್ತೆ ಹಳದಿಗೆ ಬರುತ್ತದೆ. ಆಮೇಲೆ ಬಿಸಿಲು ಬೀಳುವ ಜಾಗವಾದರೆ ಕೆಲವು ದಿನಗಳಲ್ಲಿ ಮಾಸುತ್ತದೆ.

ಸೀರೆಯ ಲೆಕ್ಕ

ಅಲಂಕಾರಕ್ಕೂ ರಕ್ಷಣೆಗೂ ಹಳೇ ಸೀರೆಯಷ್ಟು ಒಳ್ಳೆಯದು ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಉದ್ದ ಸುಮಾರು 18 ಅಡಿ, ಅಗಲ ಸುಮಾರು 45 ಇಂಚು, ಅಂದರೆ ಕಾಲು ಅಡಿ ಕಮ್ಮಿ ನಾಲ್ಕಡಿ. ಆ ಅಗಲ 3 ಅಡಿ ಪ್ಯಾರಾಪೆಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ನೆರೆಯವರು, ಅತ್ತೆ, ಚಿಕ್ಕಮ್ಮ, ಎಲ್ಲರ ಬೀರುವಿನಲ್ಲೂ ಉಡದೇ ಇಟ್ಟ ಸಿಂಥೆಟಿಕ್ ಸೀರೆಗಳು ಇದ್ದೇ ಇರುತ್ತವೆ. ಕೇಳಿ ತನ್ನಿ.

ಸಿಂಥೆಟಿಕ್ಕೇ ಬೇಕು ಅನ್ನಲು ಕಾರಣವಿದೆ. ಪಾಲಿಯೆಸ್ಟರ್ ಸೀರೆಯ ಬಣ್ಣ ತಣ್ಣೀರಿಗೆ ಸುಲಭಕ್ಕೆ ಬಿಡುವುದಿಲ್ಲ. ಕಾಟನ್ ಸೀರೆ ಕೆಲವು ಒದ್ದೆಯಾದ ಕೂಡಲೇ ತನ್ನದೇ ಬಣ್ಣ ಬಿಡುತ್ತವೆ. ಆಗ ಹೋಳಿ ಬಣ್ಣದಿಂದ ಗೋಡೆ ಉಳಿಸಲು ಹೋಗಿ ಸೀರೆಯ ಬಣ್ಣ ಗೋಡೆಗೆ ಬಳಿದಂತಾಗುತ್ತದೆ. ಯಾವ ಸೀರೆಯಾದರೂ ಮೊದಲು ಒದ್ದೆ ಬಿಳಿ ಕರ್ಚೀಫನ್ನು ಅದರ ಅಂಚಿನ ಮೇಲೆ ಒತ್ತಿ ಉಜ್ಜಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಆ ಸೀರೆ ಪಕ್ಕಕ್ಕಿಡಿ. ಗಾಢ ಬಣ್ಣದ, ದೊಡ್ಡ ಹೂವಿನ ಸೀರೆಗಳು ಮುಂದೆ ಇರಲಿ. ಅದರ ಮೇಲೆ ಗುಲಾಲು ಬಿದ್ದರೂ ಕೊಳೆಯಾದಂತೆ ಕಾಣುವುದಿಲ್ಲ.

ಇನ್ನು ಕಟ್ಟುವುದು ಹೇಗೆ? ಮೆಟ್ಟಿಲ ರೂಮಿನ ಗೋಡೆ 10 ಅಡಿ ಅಗಲ ಇದೆ ಅನ್ನಿ. ಗೋಡೆಗೆ ಅಂಟಿದ ಹಾಗೆ ಬಟ್ಟೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಒದ್ದೆ ಬಟ್ಟೆ ಗೋಡೆಗೆ ತಾಗಿದರೆ ಬಣ್ಣ ಅದರ ಮೂಲಕ ಹಿಂದಕ್ಕೆ ದಾಟುತ್ತದೆ. ಗೋಡೆಯಿಂದ ಒಂದು ಗೇಣು ಮುಂದೆ ಇರುವಂತೆ ನೈಲಾನ್ ಹಗ್ಗ ಕಟ್ಟಬೇಕು. ಒಂದು ತುದಿಯನ್ನು ಕಿಟಕಿಯ ಗ್ರಿಲ್ಲಿಗೆ ಕಟ್ಟಿ, ಇನ್ನೊಂದನ್ನು ಬಟ್ಟೆ ಒಣಗಿಸುವ ಕಂಬಕ್ಕೆ ಕಟ್ಟಿ. ಎತ್ತರ 7 ಅಡಿ ಇರಲಿ, ಬಿಗಿಯಾಗಿರಲಿ. ಸೀರೆಯನ್ನು ಉದ್ದಕ್ಕೆ ಅರ್ಧ ಮಡಿಸಿ ಹಗ್ಗದ ಮೇಲೆ ಹಾಕಿದರೆ ಎರಡೂ ಕಡೆ ಒಂಬತ್ತೊಂಬತ್ತು ಅಡಿ ಇಳಿಬೀಳುತ್ತದೆ. ಏಳಡಿ ನೇತಾಡಿ, ಉಳಿದ ಎರಡಡಿ ನೆಲದ ಮೇಲೆ ಮಲಗುತ್ತದೆ. ಆ ಎರಡಡಿ ಬಹಳ ಮುಖ್ಯ. ಗೋಡೆಯೂ ನೆಲವೂ ಸೇರುವ ಮೂಲೆಯಲ್ಲೇ ಬಣ್ಣದ ನೀರು ನಿಲ್ಲುವುದು, ಅಲ್ಲಿ ಬಿದ್ದ ಕಲೆಯೇ ಕೊನೆಗೂ ಹೋಗದೆ ಉಳಿಯುವುದು.

ಸೀರೆಯ ಎರಡು ಪದರದ ನಡುವೆ ಪ್ಲಾಸ್ಟಿಕ್ ಶೀಟ್ ಬಿಡಿ. ಪೇಂಟ್ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಈಗ ಮುಂದಿನ ಪದರ ಬಣ್ಣ ತಿನ್ನುತ್ತದೆ, ಪ್ಲಾಸ್ಟಿಕ್ ನೀರು ತಡೆಯುತ್ತದೆ, ಹಿಂದಿನ ಪದರ ಒಣಗಿಯೇ ಇರುತ್ತದೆ. ಪ್ಲಾಸ್ಟಿಕ್ ಕಣ್ಣಿಗೆ ಕಾಣುವುದೂ ಇಲ್ಲ. ಹತ್ತಡಿ ಗೋಡೆಗೆ ಇಂಥ ಮೂರು ಸೀರೆ, ಒಂದರ ಅಂಚು ಇನ್ನೊಂದರ ಮೇಲೆ ನಾಲ್ಕು ಬೆರಳು ಬರುವಂತೆ. ಹಗ್ಗದ ಮೇಲೆ ಬಟ್ಟೆ ಕ್ಲಿಪ್ ಹಾಕಿ. ಮಾರ್ಚಿನ ಮಧ್ಯಾಹ್ನ ಟೆರೇಸಿನಲ್ಲಿ ಗಾಳಿ ಇರುತ್ತದೆ, ಹಾಗಾಗಿ ನೆಲದ ಮೇಲೆ ಮಲಗಿದ ತುದಿಗೆ ನೀರು ತುಂಬಿದ ಬಾಟಲಿಗಳನ್ನು ಸಾಲಾಗಿ ಇಡಿ. ಆ ಸಾಲು ಬೇಲಿಯ ಕೆಲಸವನ್ನೂ ಮಾಡುತ್ತದೆ, ಜಾರುವ ಪ್ಲಾಸ್ಟಿಕ್ಕಿನ ಮೇಲೆ ಯಾರೂ ಕಾಲಿಡುವುದಿಲ್ಲ.

ಪ್ಯಾರಾಪೆಟ್ಟಿನ ಸುತ್ತಳತೆ 70 ಅಡಿ. ಸೀರೆಯನ್ನು ಅಡ್ಡಕ್ಕೆ ಬಿಟ್ಟರೆ ನಾಲ್ಕು ಸಾಕು. 3 ಅಡಿ ಗೋಡೆ ಮುಚ್ಚಿ, ಮೇಲಿನ ಅಂಚಿಗೂ ಬಟ್ಟೆ ಉಳಿಯುತ್ತದೆ. ಆ ಅಂಚನ್ನು ಬಿಡಬೇಡಿ. ಬಣ್ಣದ ನೀರು ಅಂಚು ದಾಟಿದರೆ ಕಟ್ಟಡದ ಹೊರಗೋಡೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ. ಅದನ್ನು ತೊಳೆಯಲು ಏಣಿ ಬೇಕು, ಕೆಳಗಿನ ಮನೆಯವರ ಹತ್ತಿರ ಬೈಸಿಕೊಳ್ಳಲೂಬೇಕು. ಅಂಚಿನ ಮೇಲೆ ಬಟ್ಟೆ ನಿಲ್ಲಲು ಇಟ್ಟಿಗೆ, ಹೂಕುಂಡ ಮಾತ್ರ ಇಡಬೇಡಿ. ಮಗುವೊಂದು ಸೀರೆ ಎಳೆದರೆ ಅದು ರಸ್ತೆಯಲ್ಲಿ ಹೋಗುವವರ ತಲೆಯ ಮೇಲೆ ಬೀಳುತ್ತದೆ. ಮೂಲೆಯ ಕಬ್ಬಿಣದ ಸರಳುಗಳಿಗೆ ಹಗ್ಗ ಕಟ್ಟಿ ಕ್ಲಿಪ್ ಹಾಕಿ. ಸರಳು ಇಲ್ಲದಿದ್ದರೆ ಧೂಳು ಒರೆಸಿ ಅಗಲವಾದ ಮಾಸ್ಕಿಂಗ್ ಟೇಪ್ ಅಂಟಿಸಿ.

ಗೋಡೆಗೆ ಅಂಟಿಸುವ ಕಡೆಯೆಲ್ಲ ಮಾಸ್ಕಿಂಗ್ ಟೇಪೇ ಬಳಸಿ, ಸೆಲ್ಲೋ ಟೇಪ್ ಬೇಡ. ಸೆಲ್ಲೋ ಟೇಪ್ ಕೀಳುವಾಗ ಪೇಂಟಿನ ಪೊರೆಯನ್ನೂ ಕಿತ್ತು ತರುತ್ತದೆ. ಮಾಸ್ಕಿಂಗ್ ಟೇಪನ್ನೂ ಅದೇ ದಿನ ಸಂಜೆ ತೆಗೆದುಬಿಡಿ. ಗೋಡೆಗೆ ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತಾ ನಿಧಾನಕ್ಕೆ ಎಳೆದರೆ ಪೇಂಟ್ ಏಳುವುದಿಲ್ಲ.

ಕೈ ಒತ್ತಲು ಒಂದು ಜಾಗ ಕೊಡಿ

ಕೈತುಂಬಾ ಬಣ್ಣ ಇದ್ದವರಿಗೆ ಎಲ್ಲಾದರೂ ಒತ್ತಬೇಕು ಅನಿಸುತ್ತದೆ. ಮಕ್ಕಳಿಗಂತೂ ಖಂಡಿತ. ಬೇಡ ಅಂತ ಹೇಳುವುದಕ್ಕಿಂತ ಜಾಗ ಕೊಡುವುದು ಸುಲಭ. ಹಳೇ ಬಿಳಿ ಡಬಲ್ ಬೆಡ್‌ಶೀಟೊಂದನ್ನು ಎರಡು ಕಂಬದ ನಡುವೆ ಎಳೆದು ಕಟ್ಟಿ, ಹಿಂದೆ ಪ್ಲಾಸ್ಟಿಕ್ ಬಿಡಿ. ಮೇಲೆ ಮಾವಿನೆಲೆ ತೋರಣ, ಬದಿಯಲ್ಲಿ ಚೆಂಡುಹೂವಿನ ಸರ. ಬಂದವರೆಲ್ಲ ಅದರ ಮೇಲೆ ಕೈಗುರುತು ಒತ್ತಲಿ. ಮಧ್ಯಾಹ್ನದ ಹೊತ್ತಿಗೆ ಫೋಟೋ ತೆಗೆಸಿಕೊಳ್ಳಲು ಇದಕ್ಕಿಂತ ಚೆಂದದ ಹಿನ್ನೆಲೆ ಸಿಗುವುದಿಲ್ಲ. ಮಕ್ಕಳ ಎತ್ತರಕ್ಕೆ ಬರುವಂತೆ ಅದರ ಕೆಳ ಅಂಚು ನೆಲದಿಂದ ಒಂದಡಿ ಮೇಲಿರಲಿ.

ಬಣ್ಣದ ತಟ್ಟೆಗಳ ಮೇಜು ಟೆರೇಸಿನ ನಡುವೆ ಇರಬೇಕು, ಗೋಡೆ ಪಕ್ಕ ಅಲ್ಲ. ಜಾಸ್ತಿ ಪುಡಿ ಚೆಲ್ಲುವುದು ಮೇಜಿನ ಸುತ್ತಲೇ. ನೀರಿನ ಡ್ರಮ್ಮು ಮಾತ್ರ ನೀರು ಹೋಗುವ ಕಿಂಡಿಯ ಹತ್ತಿರ, ಮೆಟ್ಟಿಲ ಬಾಗಿಲಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಇರಲಿ. ಕಿಂಡಿಗೆ ಒಂದು ಜಾಲರಿ ಇಟ್ಟರೆ ಹೂವಿನ ಎಸಳು ಸಿಕ್ಕಿಕೊಂಡು ನೀರು ಕಟ್ಟುವುದು ತಪ್ಪುತ್ತದೆ.

ಅಲಂಕಾರದಲ್ಲಿ ಕೆಲವನ್ನು ಪೂರ್ತಿ ಬಿಡಿ. ಕ್ರೇಪ್ ಪೇಪರಿನ ಮಾಲೆಗೆ ಒಂದು ಪಿಚಕಾರಿ ನೀರು ಸಿಡಿದರೆ ಸಾಕು, ಗುಲಾಬಿ ಬಣ್ಣ ಗೋಡೆಯುದ್ದಕ್ಕೂ ಸೋರುತ್ತದೆ. ಅದರ ಬದಲು ಬಣ್ಣಬಣ್ಣದ ಪ್ಲಾಸ್ಟಿಕ್ ಬಂಟಿಂಗ್ ಅಥವಾ ಸೀರೆಯ ಚೂರುಗಳ ತೋರಣ ಕಟ್ಟಿ. ಚೆಂಡುಹೂವನ್ನು ಸರ ಮಾಡಿ ಮೇಲೆ ಕಟ್ಟುವುದು ಸರಿ, ಎಸಳನ್ನು ನೆಲಕ್ಕೆ ಹರಡುವುದು ಬೇಡ. ತುಳಿದರೆ ಹಳದಿ ಕಲೆ, ಒದ್ದೆಯಾದರೆ ಜಾರಿಕೆ. ಸೀರಿಯಲ್ ಲೈಟ್ ಮತ್ತು ನೀರು ಒಟ್ಟಿಗೆ ಬೇಡ. ಊದುಬತ್ತಿ, ದೀಪ ಯಾವುದೂ ಸಿಂಥೆಟಿಕ್ ಸೀರೆಯ ಹತ್ತಿರ ಸುಳಿಯದಿರಲಿ.

ನೆಲಕ್ಕೆ ಮೊದಲು ಬರೀ ನೀರು

ಟೆರೇಸಿನ ಸಿಮೆಂಟು ನೆಲವನ್ನು ಪೂರ್ತಿ ಮುಚ್ಚಲು ಹೋಗಬೇಡಿ. 300 ಚದರಡಿ ಪ್ಲಾಸ್ಟಿಕ್ ಹಾಸಿ ಇಪ್ಪತ್ತು ಜನ ಒದ್ದೆ ಕಾಲಲ್ಲಿ ಓಡಿದರೆ ಯಾರಾದರೂ ಬಿದ್ದೇ ಬೀಳುತ್ತಾರೆ. ಹಳೇ ಫ್ಲೆಕ್ಸ್ ಬ್ಯಾನರ್ ಕೂಡ ಅಷ್ಟೇ ಜಾರುತ್ತದೆ. ಇದಕ್ಕಿಂತ ಸರಳ ಉಪಾಯವೊಂದಿದೆ. ಆಟ ಶುರುವಾಗುವ ಮೊದಲು ನೆಲಕ್ಕೆ ಬರೀ ನೀರು ಚಿಮುಕಿಸಿ, ಸಿಮೆಂಟು ತೇವವಾಗುವ ತನಕ. ಅದರ ಸಣ್ಣ ರಂಧ್ರಗಳಲ್ಲಿ ಮೊದಲೇ ನೀರು ತುಂಬಿಕೊಂಡರೆ ಬಣ್ಣದ ನೀರು ಆಳಕ್ಕೆ ಇಳಿಯುವುದು ಕಮ್ಮಿಯಾಗುತ್ತದೆ. ಬಿಸಿಲಿಗೆ ಅದು ಬೇಗ ಆರುತ್ತದೆ, ಹಾಗಾಗಿ ನಡುನಡುವೆ ಮತ್ತೆ ಚಿಮುಕಿಸಬೇಕು. ಮಗ್ಗಿನಲ್ಲಿ ಚಿಮುಕಿಸಿದರೆ ನಾಲ್ಕೈದು ಬಕೆಟ್ಟಿನಲ್ಲಿ ಕೆಲಸ ಆಗುತ್ತದೆ, ಪೈಪು ಬಿಡುವುದು ಬೇಡ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಹೋಳಿಯ ರೇನ್ ಡಾನ್ಸ್, ಪೂಲ್ ಪಾರ್ಟಿಗಳಿಗೆ ಕಾವೇರಿ ಮತ್ತು ಬೋರ್‌ವೆಲ್ ನೀರು ಬಳಸಬಾರದು ಎಂದಿದ್ದು ನೆನಪಿರಬಹುದು.

ಪೂರ್ತಿ ಒಣ ಗುಲಾಲಿನ ಆಟವಾದರೆ ಇದು ತಿರುಗುಮುರುಗು. ಆಗ ನೆಲ ಒಣಗಿಯೇ ಇರಬೇಕು, ಕೊನೆಗೆ ಗುಡಿಸಿ ಎತ್ತಬೇಕು. ನೆಲ ನೋಡಿ ಆಟ ನಿರ್ಧರಿಸುವುದಾದರೆ ನಾನು ಟೆರೇಸಿಗೆ ನೀರಿನ ಬಣ್ಣ, ಮನೆಯೊಳಗಿನ ಬಾಲ್ಕನಿಗೆ ಒಣ ಗುಲಾಲು ಅನ್ನುತ್ತೇನೆ. ಬಾಗಲಕೋಟೆಯಲ್ಲಿ ಬಂಡಿಗಳ ಮೇಲೆ ಬಣ್ಣದ ಪೀಪಾಯಿ ಇಟ್ಟುಕೊಂಡು ಓಣಿ ಓಣಿ ತಿರುಗುವವರಿಗೆ ಈ ಲೆಕ್ಕಾಚಾರ ನಗು ತರಿಸಬಹುದು. ಅವರದು ಬೀದಿ, ನಮ್ಮದು ಬಾಡಿಗೆ ಮನೆ.

ಟೆರೇಸಿನಿಂದ ಬಾತ್‌ರೂಮಿಗೆ

ಮೊದಲು ಕಾಲು. ಮೆಟ್ಟಿಲು ಇಳಿಯುವ ಬಾಗಿಲ ಹತ್ತಿರ ಅಗಲವಾದ ಟಬ್ಬಿನಲ್ಲಿ ಬರೀ ನೀರು ಇಡಿ, ಪಕ್ಕದಲ್ಲಿ ಎರಡು ಗೋಣಿಚೀಲ, ಆಮೇಲೆ ಹಳೇ ಟವೆಲ್ಲು. ಕಾಲು ಅದ್ದಿ, ಗೋಣಿಯ ಮೇಲೆ ಉಜ್ಜಿ, ಟವೆಲ್ಲಿನಲ್ಲಿ ಒರೆಸಿ ಇಳಿಯಬೇಕು. ಟಬ್ಬಿನ ನೀರು ಗಾಢವಾದರೆ ಬದಲಾಯಿಸಿ. ಆ ನೀರು ಬಣ್ಣದ ನೀರೇ ಆದ ಮೇಲೆ ಕಾಲು ತೊಳೆದೂ ಪ್ರಯೋಜನವಿಲ್ಲ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಹತ್ತು ನಿಮಿಷ ಬಿಸಿಲಿನಲ್ಲಿ ನಿಂತು ಬರಲಿ. ಅಲ್ಲೇ ಮಜ್ಜಿಗೆ, ಪಾನಕ ಇಟ್ಟರೆ ನಿಲ್ಲಿ ಅಂತ ಹೇಳಬೇಕಾಗುವುದೂ ಇಲ್ಲ.

ಮೆಟ್ಟಿಲ ಮೇಲೆ ಏನೂ ಹಾಸಬೇಡಿ. ಪ್ಲಾಸ್ಟಿಕ್, ಗೋಣಿ, ಬಟ್ಟೆ, ಯಾವುದು ಹಾಸಿದರೂ ಜಾರಿ ಬೀಳುವ ಅಪಾಯವಿದೆ. ಮೆಟ್ಟಿಲನ್ನು ಆಮೇಲೆ ಒರೆಸಿಕೊಳ್ಳಬಹುದು. ಗೋಡೆಯ ಕಥೆ ಬೇರೆ. ಇಳಿಯುವವರು ಗೋಡೆಗೆ ಕೈ ಊರಿಯೇ ಊರುತ್ತಾರೆ, ಮಕ್ಕಳು ಬೆರಳು ಎಳೆದುಕೊಂಡೇ ಬರುತ್ತಾರೆ. ಹಾಗಾಗಿ ಕೈ ತಾಗುವ ಎತ್ತರದಲ್ಲಿ, ಅಂದರೆ ಮೆಟ್ಟಿಲಿನಿಂದ ಸುಮಾರು ಒಂದೂವರೆ ಅಡಿಯಿಂದ ಐದಡಿವರೆಗೆ, ಒಂದು ಸೀರೆಯನ್ನು ಅಡ್ಡಕ್ಕೆ ಹಿಡಿದು ಟೇಪ್ ಹಾಕಿ. ಇಲ್ಲಿ ಗೋಡೆಗೆ ಅಂಟಿಯೇ ಇರುವುದರಿಂದ ಹಿಂದೆ ಪ್ಲಾಸ್ಟಿಕ್ ಇರಲೇಬೇಕು. ಕೆಳ ಅಂಚು ಮೆಟ್ಟಿಲಿಗೆ ತಾಗದಿರಲಿ, ಕಾಲಿಗೆ ಸಿಕ್ಕಬಾರದು. ಇಲ್ಲಿಗೆ ಸೀರೆಗಳ ಲೆಕ್ಕ ಎಂಟಾಯಿತು. ಮೆಟ್ಟಿಲ ರೂಮಿಗೆ ಮೂರು, ಪ್ಯಾರಾಪೆಟ್ಟಿಗೆ ನಾಲ್ಕು, ಮೆಟ್ಟಿಲ ಗೋಡೆಗೆ ಒಂದು.

ಮನೆಯೊಳಗೆ ಮೂರಡಿ ಅಗಲದ ಒಂದೇ ದಾರಿ, ಬಾಗಿಲಿನಿಂದ ಬಾತ್‌ರೂಮಿಗೆ. ಪ್ಲಾಸ್ಟಿಕ್ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಾಕಿ, ಅದರ ಮೇಲೆ ಹಳೇ ಕಾಟನ್ ಬೆಡ್‌ಶೀಟ್ ಹಾಸಿ ಅದರ ಅಂಚಿಗೂ ಟೇಪ್ ಹಾಕಿ. ಹೊದಿಕೆ ನೀರು ಹೀರುತ್ತದೆ, ಪ್ಲಾಸ್ಟಿಕ್ ತಡೆಯುತ್ತದೆ. ದಾರಿಯ ಎರಡೂ ಬದಿಗೆ ಪ್ಲಾಸ್ಟಿಕ್ ಕುರ್ಚಿ ಸಾಲಿಟ್ಟು ಬಂಟಿಂಗ್ ಕಟ್ಟಿದರೆ ಮದುವೆ ಮಂಟಪಕ್ಕೆ ಹೋಗುವ ದಾರಿಯಂತೆ ಕಾಣುತ್ತದೆ, ಯಾರೂ ಅಡ್ಡ ಬರುವುದಿಲ್ಲ. ಬಿಳಿ ಪ್ಲಾಸ್ಟಿಕ್ ಕುರ್ಚಿಗೂ ಕಲೆ ಹಿಡಿಯುತ್ತದೆ, ಗಾಢ ಬಣ್ಣದವನ್ನೇ ಇಡಿ. ನ್ಯೂಸ್‌ಪೇಪರ್ ಮಾತ್ರ ಹಾಸಬೇಡಿ. ಒದ್ದೆಯಾದರೆ ಹರಿದು ಕಾಲಿಗೆ ಅಂಟಿ ಮನೆ ತುಂಬ ತಿರುಗುತ್ತದೆ.

ಸೋಫಾ, ಜಮಖಾನ, ಬೆತ್ತದ ಕುರ್ಚಿ, ಟಿವಿ ಎಲ್ಲ ಒಂದು ರೂಮಿಗೆ ತಳ್ಳಿ ಬೀಗ ಹಾಕಿ. ಬೀಗದ ಕೈ ನಿಮ್ಮ ಹತ್ತಿರ ಇರಲಿ. ಸೋಫಾ ಬಾಗಿಲಲ್ಲಿ ಹೋಗದಿದ್ದರೆ ಪ್ಲಾಸ್ಟಿಕ್ ಸುತ್ತಿ ಮೇಲೆ ಬೆಡ್‌ಶೀಟ್ ಹೊದಿಸಿ. ಬಾಗಿಲ ಹಿಡಿಗೆ, ಕಾಲಿಂಗ್ ಬೆಲ್ಲಿಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ. ಬಾತ್‌ರೂಮಿನ ಲೈಟನ್ನು ಮೊದಲೇ ಹಾಕಿಡಿ, ನೀರು ಬಿಸಿಯಾದ ಮೇಲೆ ಗೀಸರ್ ಆರಿಸಿ ಸ್ವಿಚ್‌ಬೋರ್ಡಿನ ಮೇಲೆ ಪ್ಲಾಸ್ಟಿಕ್ ತುಂಡು ಅಂಟಿಸಿ. ಒದ್ದೆ ಕೈಯಲ್ಲಿ ಯಾರೂ ಸ್ವಿಚ್ಚು ಮುಟ್ಟಬೇಕಾಗಿ ಬರಬಾರದು.

ಬಿಚ್ಚುವ ಕ್ರಮ

ಎಲ್ಲರೂ ಹೋದ ಮೇಲೆ ಮೊದಲು ಕೈಗೆ ಪೊರಕೆ ಬರಲಿ, ನೀರು ಅಲ್ಲ. ಒಣ ಪುಡಿಯನ್ನೆಲ್ಲ ಮೆತ್ತನೆ ಪೊರಕೆಯಿಂದ ಗುಡಿಸಿ ಎತ್ತಿ. ಗೋಡೆಗೆ ಹತ್ತಿದ ಗುಲಾಲನ್ನು ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉದುರಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಗೈಯಷ್ಟಿದ್ದ ಕಲೆ ಮೊಳದಷ್ಟಾಗುತ್ತದೆ. ಆಮೇಲೆ ಸೀರೆಗಳನ್ನು ಬಣ್ಣದ ಮುಖ ಒಳಗೆ ಬರುವಂತೆ ಮಡಿಸುತ್ತಾ ಇಳಿಸಿ, ಪ್ಲಾಸ್ಟಿಕ್ಕನ್ನೂ ಹಾಗೇ ಸುತ್ತಿ. ಎಳೆದು ಬೀಳಿಸಿದರೆ ಅಲ್ಲಿತನಕ ಹಿಡಿದಿಟ್ಟ ಬಣ್ಣವೆಲ್ಲ ಗೋಡೆಗೇ ಹೋಗುತ್ತದೆ. ಕೊನೆಗೆ ನೆಲಕ್ಕೆ ನೀರು, ತೇವ ಆರುವ ಮೊದಲೇ.

ತೊಳೆಯಬಹುದಾದ ಪೇಂಟಿನ ಮೇಲೆ ಕಲೆ ಉಳಿದರೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ನೊರೆಯನ್ನು ಮಾತ್ರ ಸ್ಪಂಜಿನಲ್ಲಿ ತೆಗೆದುಕೊಂಡು, ಕಲೆಯ ಅಂಚಿನಿಂದ ನಡುವಿನ ಕಡೆಗೆ ಮೆಲ್ಲಗೆ ಒತ್ತಿ ತೆಗೆಯಿರಿ. ಮಾರ್ಬಲ್ಲಿಗೆ ನಿಂಬೆಹಣ್ಣು, ವಿನೆಗರ್ ಯಾವತ್ತೂ ಬೇಡ, ಹುಳಿ ಅದರ ಹೊಳಪನ್ನು ತಿನ್ನುತ್ತದೆ. ಬ್ಲೀಚ್ ಬಳಸುವುದಾದರೆ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ.

ಡಿಸ್ಟೆಂಪರ್ ಗೋಡೆಗೆ ನೀರಿನ ಬಣ್ಣ ಇಳಿದಿದ್ದರೆ ಮೇಲೆ ಒಂದು ಕೋಟ್ ಹೊಡೆಸಿ ಮುಚ್ಚೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಹೊಸ ಪೇಂಟಿನ ನೀರಿಗೇ ಹಳೇ ಬಣ್ಣ ಕರಗಿ, ಒಣಗುವಷ್ಟರಲ್ಲಿ ತಿಳಿ ಗುಲಾಬಿಯಾಗಿ ಮೇಲೆ ಬರುತ್ತದೆ. ಎರಡು ಕೋಟ್ ಹೊಡೆದರೂ ಬರುತ್ತದೆ. ಪೇಂಟರಿಗೆ ಹೇಳಿ ಅಷ್ಟು ಜಾಗಕ್ಕೆ ಮೊದಲು ಆಯಿಲ್ ಪ್ರೈಮರ್ ಹಚ್ಚಿಸಿ, ಅದು ಪೂರ್ತಿ ಒಣಗಿದ ಮೇಲೆ ಪೇಂಟ್ ಮಾಡಿಸಿ. ಸೀರೆಗಳನ್ನು ಬೇರೆ ಬಟ್ಟೆ ಜೊತೆ ಸೇರಿಸದೆ, ತಣ್ಣೀರಿನಲ್ಲಿ ನೀರು ತಿಳಿಯಾಗುವ ತನಕ ಜಾಲಿಸಿ ಒಣಗಿಸಿ, ಹಗ್ಗ ಮತ್ತು ಕ್ಲಿಪ್ಪುಗಳ ಜೊತೆಗೇ ಒಂದು ಚೀಲದಲ್ಲಿ ಕಟ್ಟಿಡಿ.